ಬಹುಮಾನದ ಬೀದಿ, ಕುದುರೆಯ ಬೀದಿ

ಜೋರ್ಡಾನಿನ ಅಮ್ಮಾನ್ ನಗರದ ಪ್ರಕಾಶಕರೊಬ್ಬರು ಕಳುಹಿಸಿದ ಫೋಟೊದಲ್ಲಿ ಒಂದು ಕಲ್ಲಿನ ಗೋಡೆ, ಅದರ ಮೇಲೆ ತುಕ್ಕು ಹಿಡಿದ ನಾಮಫಲಕ, ಫಲಕದ ಕೆಳಭಾಗವನ್ನು ಮುಚ್ಚಿದ ಕಾಗದದ ಹೂವಿನ ಬಳ್ಳಿ ಇದ್ದವು. ಇಸ್ರೇಲಿನ ಬೀದಿಫಲಕಗಳಲ್ಲಿ ಸಾಮಾನ್ಯವಾಗಿ ಹೀಬ್ರೂ, ಅರಬ್ಬಿ, ಇಂಗ್ಲಿಷ್ ಮೂರೂ ಇರುತ್ತವೆ. ಇಲ್ಲಿ ಬಳ್ಳಿ ಬಿಟ್ಟುಕೊಟ್ಟದ್ದು ಮೇಲಿನ ಹೀಬ್ರೂ ಸಾಲನ್ನು ಮಾತ್ರ. ಚಿತ್ರದ ಅಡಿಬರಹಕ್ಕೆ ಬೀದಿಯ ಹೆಸರು ಅರಬ್ಬಿಯಲ್ಲಿ ಬೇಕಿತ್ತು. ಒಂದೇ ಒಂದು ಪದ, ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಮೂರು ದಿನ ಹಿಡಿಯಿತು.

ನನ್ನ ಅರಬ್ಬಿ ಕರಾವಳಿಯ ಮದರಸಾದಲ್ಲಿ ಶುರುವಾಗಿ ಕುವೈತಿನ ಕಚೇರಿಯೊಂದರಲ್ಲಿ ಪಳಗಿದ್ದು. ಹೀಬ್ರೂ ಕಲಿತದ್ದು ಆಮೇಲೆ, ತೆಲ್ ಅವೀವ್ ಪಕ್ಕದಲ್ಲಿ ವೃದ್ಧರೊಬ್ಬರ ಆರೈಕೆಗೆ ಇದ್ದಾಗ, ಅವರಿಗೆ ದಿನಪತ್ರಿಕೆ ಓದಿ ಹೇಳುತ್ತಾ. ಆರೈಕೆಯ ಕೆಲಸಕ್ಕೆ ಮಂಗಳೂರು ಕಡೆಯಿಂದ ಅಲ್ಲಿಗೆ ಹೋದವರು ಬಹಳ ಮಂದಿ. ಆದರೆ ಬೀದಿಫಲಕ ಓದುವುದಕ್ಕೆ ಮಾತು ಬಂದರೆ ಸಾಲದು.

ದಿನನಿತ್ಯದ ಹೀಬ್ರೂ ಬರಹದಲ್ಲಿ ಸ್ವರಚಿಹ್ನೆಗಳಿಲ್ಲ. ಮಕ್ಕಳ ಪುಸ್ತಕ, ಪ್ರಾರ್ಥನೆ, ಕವಿತೆ ಬಿಟ್ಟರೆ ಉಳಿದೆಡೆ ಅಕ್ಷರಗಳ ಮೇಲೆ ಕೆಳಗೆ ಬರುವ ಚುಕ್ಕೆ ಗೀಟುಗಳನ್ನು ಯಾರೂ ಹಾಕುವುದಿಲ್ಲ. ಕನ್ನಡದಲ್ಲಿ ಗುಣಿತವನ್ನೆಲ್ಲ ಅಳಿಸಿದರೆ ಏನಾಗುತ್ತದೆಂದು ನೋಡಿ: ಮರ, ಮಾರಿ, ಮುರಿ, ಮೂರು, ಮೋರಿ, ಮೋರೆ ಎಲ್ಲವೂ ‘ಮರ’ ಆಗುತ್ತವೆ. ವಾಕ್ಯವಿದ್ದರೆ ಕಣ್ಣು ತಾನೇ ಸರಿಯಾದ್ದನ್ನು ಆರಿಸಿಕೊಳ್ಳುತ್ತದೆ. ಫಲಕದಲ್ಲಿ ವಾಕ್ಯವಿರುವುದಿಲ್ಲ.

ಮೊದಲ ಕೆಲಸ ಅಕ್ಷರಗಳನ್ನೇ ಖಚಿತಪಡಿಸಿಕೊಳ್ಳುವುದು. ಚಿತ್ರವನ್ನು ದೊಡ್ಡದು ಮಾಡಿ ಅಕ್ಷರಗಳನ್ನು ಒಂದೊಂದಾಗಿ ಕಾಗದದ ಮೇಲೆ ಬಿಡಿಸಿಕೊಳ್ಳುತ್ತೇನೆ, ಪದವನ್ನು ಊಹಿಸಲು ಹೋಗುವುದಿಲ್ಲ. ಊಹೆ ಬಂದೊಡನೆ ಕಣ್ಣು ಅದಕ್ಕೆ ಬೇಕಾದ ಅಕ್ಷರವನ್ನೇ ನೋಡತೊಡಗುತ್ತದೆ. ‘ರಹೋವ್’, ಅಂದರೆ ಬೀದಿ ಎಂಬ ಪದದ ನಂತರ ಆರು ಅಕ್ಷರಗಳಿದ್ದವು. ಅವುಗಳಲ್ಲಿ ನಾಲ್ಕನೆಯದೂ ಕೊನೆಯದೂ ಹೆಚ್ಚು ಕಡಿಮೆ ಒಂದೇ ಥರದ ದುಂಡು. ಇದು ಸುಲಭ: ಪದಾಂತ್ಯದ ‘ಮೇಮ್’, ಅಂದರೆ ಮಕಾರದ ಕೊನೆಯ ರೂಪ, ನಡುವೆ ಬರುವುದಿಲ್ಲ, ಹಾಗಾಗಿ ನಡುವಿನದು ‘ಸಾಮೆಖ್’, ಅಂದರೆ ಸಕಾರ. ಕಷ್ಟವಾದದ್ದು ಐದನೆಯ ಅಕ್ಷರ. ‘ಯೋದ್’ ಮೇಲೆ ತೂಗುವ ಪುಟ್ಟ ಕೊಕ್ಕೆ; ಅದೇ ಗೀಟು ಕೆಳಗಿನವರೆಗೆ ಇಳಿದರೆ ‘ವಾವ್’. ಈ ಫಲಕದಲ್ಲಿ ಕೊಕ್ಕೆಯ ಕೆಳಗೆ ತುಕ್ಕಿನ ನೀರು ಇಳಿದು ಗೀಟನ್ನು ಉದ್ದ ಮಾಡಿತ್ತು. ವಾವ್ ಎಂದು ಓದಿದರೆ ಪದ ‘ಹಪಿರ್ಸುಮ್’ ಆಗುತ್ತದೆ, ಪ್ರಚಾರ ಎಂದರ್ಥ. ಪ್ರಚಾರದ ಬೀದಿ! ಚಿತ್ರದ ಬಣ್ಣ ತೆಗೆಯದೆ, ಬಣ್ಣದಲ್ಲೇ ಇನ್ನಷ್ಟು ಹಿಗ್ಗಿಸಿ ನೋಡಿದಾಗ ಅಕ್ಷರದ ಕಪ್ಪು ಎಲ್ಲಿ ಮುಗಿದು ತುಕ್ಕಿನ ಕಂದು ಎಲ್ಲಿ ಆರಂಭವಾಗಿದೆ ಎಂದು ಕಂಡಿತು. ಕಪ್ಪುಬಿಳುಪು ಮಾಡಿದ್ದರೆ ಎರಡೂ ಒಂದೇ ಆಗಿಬಿಡುತ್ತಿದ್ದವು. ಅಕ್ಷರ ಯೋದ್ ಎಂದಾಯಿತು. ಪದ:

הפרסים

‘ಹ’ ಎಂಬುದು ನಿರ್ದೇಶಕ ಪ್ರತ್ಯಯ, ಕೊನೆಯ ‘ಈಮ್’ ಬಹುವಚನ. ನಡುವೆ ಉಳಿದದ್ದು ಪ-ರ-ಸ. ಪ್ರಸ್ ಎಂದರೆ ಬಹುಮಾನ. ಶಾಲೆ, ಲಾಟರಿ, ಸಾಹಿತ್ಯ ಪ್ರಶಸ್ತಿ ಎಂದು ದಿನವೂ ಕಿವಿಗೆ ಬೀಳುವ ಪದ. ನಾನು ಎರಡನೆಯ ಯೋಚನೆಯಿಲ್ಲದೆ ಹಪ್ರಸೀಮ್ ಎಂದು ಓದಿ, ‘ಶಾರಿಅ್ ಅಲ್-ಜವಾಇಝ್’, ಬಹುಮಾನಗಳ ಬೀದಿ ಎಂದು ಬರೆದು ಕಳುಹಿಸಿದೆ.

ಸಂಪಾದಕರು ಸಭ್ಯರು. “ಉಸ್ತಾದ್, ಯಾರಿಗೆ ಕೊಟ್ಟ ಬಹುಮಾನಗಳು?” ಎಂದಷ್ಟೇ ಕೇಳಿದರು.

ಮತ್ತೆ ಕುಳಿತೆ. ಅದೇ ಮೂರು ವ್ಯಂಜನಗಳನ್ನು ಪರಸ್ ಎಂದು ಓದಿದರೆ ಪರ್ಷಿಯಾ ದೇಶ. ಪೆರೆಸ್ ಎಂದು ಓದಿದರೆ ಗಡ್ಡದ ರಣಹದ್ದು; ಪ್ರಧಾನಿಯಾಗಿದ್ದ ಶಿಮೋನ್ ಪೆರೆಸ್ ಆರಿಸಿಕೊಂಡ ಮನೆತನದ ಹೆಸರು ಅದೇ ಹಕ್ಕಿಯದು. ಬಹುವಚನದಲ್ಲಿ ಹಪರ್ಸೀಮ್ ಎಂದರೆ ಪರ್ಷಿಯನ್ನರು. ಬಹುಮಾನಗಳಿಗೂ ಪರ್ಷಿಯನ್ನರಿಗೂ ಇರುವ ವ್ಯತ್ಯಾಸ ಫಲಕದಲ್ಲಿ ಇಲ್ಲದ ಎರಡು ಚಿಹ್ನೆಗಳದ್ದು: ಪಕಾರದ ಕೆಳಗೊಂದು, ರಕಾರದ ಕೆಳಗೊಂದು. ಬೀದಿಗೆ ಜನರ ಹೆಸರಿಡುವುದು ರೂಢಿ. ಜೆರುಸಲೇಮಿನಲ್ಲಿ ಪ್ರವಾದಿಗಳ ಬೀದಿಯೇ ಇದೆ. ಬಹುಮಾನಗಳಿಗಿಂತ ಪರ್ಷಿಯನ್ನರೇ ಹೆಚ್ಚು ಸಂಭವ. ಆದರೆ ಒಮ್ಮೆ ಸಂಭವವನ್ನು ನಂಬಿಯೇ ಜಾರಿ ಬಿದ್ದಿದ್ದೆ.

ಹೀಬ್ರೂ ಅಕ್ಷರಗಳನ್ನು ಹಾಗೆಯೇ ನಕ್ಷೆಯಲ್ಲಿ ಹುಡುಕಿದಾಗ ಹೈಫಾ ನಗರ ಬಂತು. ಇಲ್ಲಿ ಕೈಹಿಡಿದದ್ದು ಲ್ಯಾಟಿನ್ ಲಿಪಿ, ಅದರಲ್ಲಿ ಸ್ವರಗಳನ್ನು ಬರೆಯಲೇಬೇಕಲ್ಲ. ಬಹಾಯಿ ಧರ್ಮದ ನಾಯಕ ಅಬ್ದುಲ್ ಬಹಾ 1921ರಲ್ಲಿ ತೀರಿಕೊಂಡ ಮನೆ ಇರುವುದು ಈ ಬೀದಿಯಲ್ಲಿ, ಮನೆಯ ಇಂಗ್ಲಿಷ್ ವಿಳಾಸದಲ್ಲಿ ಬೀದಿಯ ಹೆಸರು Haparsim. ಪಕಾರದ ನಂತರ ಸ್ವರವಿದೆ, ರ-ಸ ನಡುವೆ ಇಲ್ಲ. ದೆಹಲಿಯ ಕಮಲ ಮಂದಿರ ಕಟ್ಟಿಸಿದ್ದು ಇದೇ ಸಮುದಾಯ. ಅದು ಹುಟ್ಟಿದ್ದು ಪರ್ಷಿಯಾದಲ್ಲಿ ಎಂಬುದು ನೆನಪಾದಾಗ ಹೆಸರೂ ತಾಳೆಯಾಯಿತು.

ಫೋಟೊದ ಫಲಕ ಹೈಫಾದ್ದೇ ಎಂಬುದಕ್ಕೆ ಇನ್ನೂ ಸಾಕ್ಷಿ ಬೇಕಿತ್ತು. ಅದೇ ದಿನ ತೆಗೆದ ಹಿಂದಿನ ಮುಂದಿನ ಚಿತ್ರಗಳನ್ನು ತರಿಸಿಕೊಂಡೆ. ನಾಲ್ಕು ನಿಮಿಷದ ನಂತರದ ಚಿತ್ರದಲ್ಲಿ ಹೈಫಾದ ಕಾರ್ಮೆಲ್ ಬೆಟ್ಟದ ಮೆಟ್ಟಿಲು ತೋಟ, ಬಹಾಯಿಗಳ ಚಿನ್ನದ ಬಣ್ಣದ ಗುಮ್ಮಟ. ಈಗ ಫೋಟೊ ಕೆಲಸ ಒಪ್ಪಿಕೊಳ್ಳುವಾಗಲೇ ಅಕ್ಕಪಕ್ಕದ ಚಿತ್ರಗಳನ್ನು ಕೇಳಿ ಪಡೆಯುತ್ತೇನೆ.

ಅರಬ್ಬಿಯಲ್ಲಿ ಪರ್ಷಿಯನ್ನರು ಎಂದರೆ ‘ಅಲ್-ಫುರ್ಸ್’. ಬರೆದು ಕಳುಹಿಸಿದೆ:

شارع الفرس

ಸಂಜೆಗೆ ಉತ್ತರ ಬಂತು: “ಬಹುಮಾನ ಹೋಗಿ ಈಗ ಕುದುರೆ ಬಂದಿದೆಯೇ?”

ಅರಬ್ಬಿಯೂ ಸ್ವರಚಿಹ್ನೆ ಬಿಟ್ಟೇ ಬರೆಯುವ ಭಾಷೆ. ಅಲ್-ಫುರ್ಸ್ ಎಂದು ನಾನು ಬರೆದದ್ದನ್ನು ಅವರು ಅಲ್-ಫರಸ್, ಕುದುರೆ ಎಂದು ಓದಿದ್ದರು. ಓದಿದ್ದು ತಪ್ಪೇನೂ ಅಲ್ಲ. ಒಂದು ಭಾಷೆಯ ಗೊಂದಲವನ್ನು ಬಿಡಿಸಿ ಇನ್ನೊಂದು ಭಾಷೆಯದ್ದಕ್ಕೆ ಗಂಟು ಹಾಕಿದ್ದೆ. ತಲೆಯಲ್ಲಿ ಸರಿಯಾದ ಉಚ್ಚಾರ ಮೊಳಗುತ್ತಿರುವ ಅನುವಾದಕನ ಕಣ್ಣಿಗೆ ಇದು ಬೀಳುವುದಿಲ್ಲ. ಹೊಸ ಓದುಗನೊಬ್ಬ ಗಟ್ಟಿಯಾಗಿ ಓದಿದಾಗ ಮಾತ್ರ ಸಿಕ್ಕಿಬೀಳುತ್ತದೆ.

ಸಂಪಾದಕರು ‘ಇರಾನಿಯರು’ ಎಂದು ಹಾಕೋಣ ಎಂದರು. ಹೀಬ್ರೂವಿನಲ್ಲಿ ಇರಾನಿಗೆ ಬೇರೆಯೇ ಪದವಿದೆ, ಫಲಕದಲ್ಲಿ ಅದಿಲ್ಲ ಎಂದು ನಾನು ಒಪ್ಪಲಿಲ್ಲ. ಕುವೈತಿನಲ್ಲಿ ಪರ್ಷಿಯಾ ಮೂಲದವರನ್ನು ‘ಅಜಮ್’ ಎಂದು ಕರೆಯುವುದುಂಟು. ಆದರೆ ಆ ಪದಕ್ಕೆ ಅರಬರಲ್ಲದವರು ಎಂಬ ಅರ್ಥವೂ, ಆಡುವವರ ದನಿಗೆ ತಕ್ಕಂತೆ ಸ್ವಲ್ಪ ತಾತ್ಸಾರವೂ ಅಂಟಿಕೊಂಡಿದೆ. ಅದನ್ನೂ ಬಿಟ್ಟೆವು. ಫಕಾರದ ಮೇಲೆ ಒಂದೇ ಒಂದು ‘ದಮ್ಮ’, ಅಂದರೆ ಉಕಾರದ ಚಿಹ್ನೆ ಇಟ್ಟರೆ ಸಾಕಿತ್ತು: الفُرس. ಕುದುರೆಯಾಗಲು ಅಲ್ಲಿ ಅಕಾರ ಬೇಕು. ಪೂರ್ತಿ ಪದಕ್ಕೆ ಸ್ವರಚಿಹ್ನೆ ಹಾಕಿದರೆ ಅಡಿಬರಹ ಶಾಲಾಪುಸ್ತಕದಂತೆ ಕಾಣುತ್ತದೆ.

ಇನ್ನೊಂದು ಹಗ್ಗಜಗ್ಗಾಟ ಉಳಿದಿತ್ತು. ಬೀದಿ ಹುಡುಕಿಕೊಂಡು ಹೋಗುವವನಿಗೆ ಬೇಕಾದದ್ದು ಹೆಸರಿನ ಸದ್ದು, ಅರ್ಥವಲ್ಲ. ಅಂಥವನಿಗೆ ಲಿಪ್ಯಂತರವೇ ಸರಿ: هبرسيم. ಅರಬ್ಬಿಯಲ್ಲಿ ಪಕಾರವಿಲ್ಲದ್ದರಿಂದ ಬಕಾರ. ತಮಾಷೆಯೆಂದರೆ ಇದರಲ್ಲಿಯೂ ಆ ಸ್ವರಗಳಿಲ್ಲ. ಬಹುಮಾನವೋ ಪರ್ಷಿಯನ್ನರೋ ಎಂದು ತೀರ್ಮಾನಿಸದೆಯೇ ಇದನ್ನು ಮೊದಲ ದಿನವೇ ಬರೆದು ಹಣ ಎಣಿಸಿಕೊಳ್ಳಬಹುದಿತ್ತು. ಚಿತ್ರದ ಪುಸ್ತಕಕ್ಕೆ ಎರಡೂ ಇರಲಿ ಎಂದು ಒಪ್ಪಿಕೊಂಡೆವು, ಮೊದಲು ಲಿಪ್ಯಂತರ, ಆವರಣದಲ್ಲಿ ಅರ್ಥ.

ಅಚ್ಚಿನ ಕರಡು ಬಂದಾಗ ಮೊದಲು ನೋಡಿದ್ದು ಆ ಉಕಾರವನ್ನು. ಅಡಿಬರಹದ ಸಣ್ಣ ಅಕ್ಷರದಲ್ಲಿ ಅದು ಮಾಯವಾಗಿತ್ತು, ಕುದುರೆ ಮರಳಿ ಬಂದಿತ್ತು. ಅಕ್ಷರದ ಗಾತ್ರ ಒಂದು ಪಾಯಿಂಟ್ ಹೆಚ್ಚಿಸಲು ಬರೆದು ಕಳುಹಿಸಿದೆ.