ಚಾರ್ಜರಿನ ಬಿಸಿಯನ್ನು ಕೈಯಿಂದ ಅಳೆಯಬೇಡಿ

ಬದಿಯಡ್ಕದ ನನ್ನ ರಿಪೇರಿ ಅಂಗಡಿಗೆ ಕಳೆದ ಮಳೆಗಾಲದಲ್ಲಿ ನಿವೃತ್ತ ಮಾಷ್ಟ್ರೊಬ್ಬರು ಎರಡು ಚಾರ್ಜರ್ ಹಿಡಿದುಕೊಂಡು ಬಂದರು. ಎರಡೂ 65 ವ್ಯಾಟಿನವು, ಎರಡೂ ಟೈಪ್-ಸಿ. ಒಂದು ಲ್ಯಾಪ್‌ಟಾಪಿನ ಜೊತೆ ಬಂದ ಹಳೆಯ ಸಿಲಿಕಾನ್ ಚಾರ್ಜರ್, ಇನ್ನೊಂದು ಮಗ ದುಬೈಯಿಂದ ತಂದ ಅಂಗೈಯಗಲದ ಗ್ಯಾನ್, ಅಂದರೆ ಗ್ಯಾಲಿಯಂ ನೈಟ್ರೈಡ್ ಚಾರ್ಜರ್. “ಇದು ತಣ್ಣಗಿರುತ್ತದೆ ಎಂದು ಮಗ ಹೇಳಿದ. ಮುಟ್ಟಿ ನೋಡಿ, ಇದೇ ಹೆಚ್ಚು ಸುಡುತ್ತದೆ” ಎಂದರು.

ಹೀಗೆ ಮುಟ್ಟಿ ತೀರ್ಪು ಕೊಡುವವರನ್ನು ತುಂಬಾ ನೋಡಿದ್ದೇನೆ. ಅಳೆಯುವ ಮೊದಲು ಒಳಗೆ ನಡೆಯುವುದೇನು ಎಂಬುದು ಗೊತ್ತಿರಬೇಕು.

ಚಾರ್ಜರಿನೊಳಗಿನ ಟ್ರಾನ್ಸಿಸ್ಟರ್ ಮನೆಯ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ತಡೆದು ಬಿಡುತ್ತದೆ. ಪ್ರತಿ ಸಲವೂ ಒಂದಿಷ್ಟು ಶಕ್ತಿ ಟ್ರಾನ್ಸ್‌ಫಾರ್ಮರಿನಲ್ಲಿ ತುಂಬಿ ಆಚೆ ದಾಟುತ್ತದೆ. ಕೆರೆಯಿಂದ ತೋಟಕ್ಕೆ ನೀರು ಹೊತ್ತಂತೆ: ಹೆಚ್ಚು ಸಲ ಓಡಾಡಿದರೆ ಸಣ್ಣ ಕೊಡ ಸಾಕು. ಸೆಕೆಂಡಿಗೆ 65,000 ಸಲ ಓಡಾಡುವ ಹಳೆಯ ಚಾರ್ಜರ್ 65 ವ್ಯಾಟ್ ಕೊಡಲು ಪ್ರತಿ ಸಲ 1 ಮಿಲಿಜೌಲ್ ಹೊರಬೇಕು. 2,60,000 ಸಲ ಓಡಾಡಿದರೆ ಕಾಲು ಮಿಲಿಜೌಲ್ ಸಾಕು. ಟ್ರಾನ್ಸ್‌ಫಾರ್ಮರ್ ಕುಗ್ಗುವುದು ಇದರಿಂದ.

ಸಿಲಿಕಾನಿನ ಟ್ರಾನ್ಸಿಸ್ಟರನ್ನೇ ಹಾಗೆ ಓಡಿಸಬಾರದೇ? ಪ್ರತಿ ಸಲ ತೆರೆದು ಮುಚ್ಚುವಾಗಲೂ ಕೊಡದಿಂದ ನೀರು ತುಳುಕುತ್ತದೆ, ಆ ತುಳುಕಿದ್ದೇ ಬಿಸಿ. ಗ್ಯಾಲಿಯಂ ನೈಟ್ರೈಡ್ ಒಡೆಯದೆ ತಡೆಯಬಲ್ಲ ವಿದ್ಯುತ್ ಕ್ಷೇತ್ರ ಸಿಲಿಕಾನಿನದಕ್ಕಿಂತ ಸುಮಾರು 10 ಪಟ್ಟು ಹೆಚ್ಚು. ಹಾಗಾಗಿ ಅಷ್ಟೇ ವೋಲ್ಟೇಜನ್ನು ತಡೆಯಲು ಅದಕ್ಕೆ ತೀರಾ ಗಿಡ್ಡ ದಾರಿ ಸಾಕು. ದಾರಿ ಗಿಡ್ಡವಾದರೆ ರೋಧ ಕಡಿಮೆ, ತೆರೆದು ಮುಚ್ಚಲು ಬೇಕಾದ ವಿದ್ಯುದಂಶವೂ ಕಡಿಮೆ, ತುಳುಕುವುದೂ ಕಡಿಮೆ.

ಎಲ್ಲವೂ ಕುಗ್ಗುವುದಿಲ್ಲ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಆ ಹೊತ್ತನ್ನು ದಾಟಿಸುವ ಉರುಟು ಕೆಪಾಸಿಟರಿಗೆ ಟ್ರಾನ್ಸಿಸ್ಟರಿನ ವೇಗದಿಂದ ಲಾಭವಿಲ್ಲ. ನೋಡಲೆಂದು ಚಾರ್ಜರನ್ನು ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು.

ಇನ್ನು ಅಳತೆ. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಶೇ 20ಕ್ಕೆ ಇಳಿಸಿ, ಎರಡೂ ಚಾರ್ಜರಿಗೆ ಒಂದೇ ಕೇಬಲ್ ಬಳಸಿ. ಮಾಷ್ಟ್ರು ಹಳೆಯದನ್ನು ಮುಟ್ಟಿದ್ದು ಬ್ಯಾಟರಿ ಶೇ 90 ದಾಟಿದ ಮೇಲೆ, ಆಗ ಅದು ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು.

ಕೇಬಲಿನ ತುದಿಗೆ ಟೈಪ್-ಸಿ ಮೀಟರ್, ಗೋಡೆಯ ಸಾಕೆಟ್ಟಿಗೆ ವ್ಯಾಟ್ ತೋರಿಸುವ ಪ್ಲಗ್ ಮೀಟರ್ ಹಾಕಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ಓದಿ ವೋಲ್ಟಿನಿಂದ ಗುಣಿಸಿಬಿಡುತ್ತಾರೆ. ಈ ಗಾತ್ರದ ಚಾರ್ಜರುಗಳು ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ವೋಲ್ಟೇಜಿನ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಎಳೆಯುತ್ತವೆ. ಗುಣಾಕಾರದಲ್ಲಿ ಬರುವ ಸಂಖ್ಯೆ ನಿಜವಾದ ವ್ಯಾಟಿನ ಇಮ್ಮಡಿಯ ಹತ್ತಿರವಿರುತ್ತದೆ. ಒಬ್ಬರು ಹೀಗೆ 120 ಎಂದು ಲೆಕ್ಕ ಹಾಕಿ ಒಳ್ಳೆಯ ಚಾರ್ಜರನ್ನು ತಿಪ್ಪೆಗೆ ಎಸೆದದ್ದನ್ನು ಬಲ್ಲೆ. ಮೀಟರ್ ನಿಜವಾದ ವ್ಯಾಟನ್ನೇ ತೋರಿಸಬೇಕು. ಅಗ್ಗದ ಮೀಟರಿನ ತಪ್ಪೇ ಒಂದೆರಡು ವ್ಯಾಟ್ ಇರಬಹುದು, ಆದ್ದರಿಂದ ಎರಡೂ ಚಾರ್ಜರನ್ನು ಅದೇ ಮೀಟರಿನಲ್ಲಿ ನೋಡಿ. ಸಂಜೆ ನಮ್ಮೂರಿನ ವೋಲ್ಟೇಜ್ ಕುಸಿಯುತ್ತದೆ, ಹಗಲಲ್ಲಿ ಅಳೆಯಿರಿ. 20 ನಿಮಿಷ ಕಾದು ಓದಿ.

ನಮಗೆ ಸಿಕ್ಕಿದ್ದು ಇಷ್ಟು: ಎರಡರಲ್ಲೂ ಹೊರಬಂದದ್ದು 60 ವ್ಯಾಟ್. ಹಳೆಯದು ಗೋಡೆಯಿಂದ ಎಳೆದದ್ದು 68, ಗ್ಯಾನ್ 64.5. ಬಿಸಿಯಾಗಿ ಹೋದದ್ದು 8 ಮತ್ತು 4.5 ವ್ಯಾಟ್. 65ರ ಬದಲು 60 ಬಂದದ್ದಕ್ಕೆ ಕಾರಣ ಕೇಬಲ್. 20 ವೋಲ್ಟಿನಲ್ಲಿ 3 ಆಂಪಿಯರ್ ದಾಟಬೇಕಾದರೆ 5 ಆಂಪಿಯರಿನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು. ಚಾರ್ಜರಿಗೆ ಸಾವಿರಾರು ರೂಪಾಯಿ ಕೊಟ್ಟು ಕೇಬಲಿಗೆ ಚೌಕಾಸಿ ಮಾಡಬೇಡಿ.

ಅಂದರೆ ಗ್ಯಾನ್ ಹುಟ್ಟಿಸುವ ಬಿಸಿ ಸುಮಾರು ಅರ್ಧ. ಆದರೆ ಆ ಬಿಸಿ ಹೊರಹೋಗಬೇಕಾದ ಮೈಯೂ ಅರ್ಧವಾಗಿದ್ದರೆ ಕೈಗೆ ಎರಡೂ ಒಂದೇ ರೀತಿ ಸುಡಬಹುದು. ತೀರಾ ಪುಟ್ಟ ಚಾರ್ಜರಿಗಿಂತ ಕೊಂಚ ದೊಡ್ಡದನ್ನೇ ನಾನು ಆರಿಸುತ್ತೇನೆ.

ಮಾಷ್ಟ್ರ ಚಾರ್ಜರಿನಲ್ಲಿ ಇನ್ನೊಂದು ಗುಟ್ಟಿತ್ತು. ಗಲ್ಫಿನ ಚಪ್ಪಟೆ ಮೂರು ಪಿನ್ನನ್ನು ನಮ್ಮ ಉರುಟು ಸಾಕೆಟ್ಟಿಗೆ ಸೇರಿಸಲು ಅವರು ಸಂತೆಯ ಅಡಾಪ್ಟರ್ ಬಳಸುತ್ತಿದ್ದರು. ಅದರ ಹಿತ್ತಾಳೆ ಪಟ್ಟಿ ಸಡಿಲಾಗಿ, ಪ್ಲಾಸ್ಟಿಕ್ ಒಂದು ಕಡೆ ಕಂದಿತ್ತು. ಚಾರ್ಜರಿನ ಪಿನ್ನಿನ ಕಡೆ ಮಾತ್ರ ಸುಡುತ್ತಿದ್ದದ್ದು ಅದರಿಂದ. ಅದನ್ನು ಕಿತ್ತು, ಚಪ್ಪಟೆ ಪಿನ್ನೂ ಹಿಡಿಸುವ ಗಟ್ಟಿಮುಟ್ಟಾದ ಸಾಕೆಟ್ ಹಾಕಿಸಲು ಹೇಳಿದೆ. “ಮಗನಿಗೆ ಬೈದು ಆಗಿದೆಯಲ್ಲ” ಎಂದು ನಗುತ್ತಾ ಅವರು ಚಾರ್ಜರನ್ನು ಜೇಬಿಗೆ ಹಾಕಿಕೊಂಡರು.