ಔಷಧಿ ಸೋಕುವ ಮೊದಲೇ ಹುಟ್ಟಿದ ನಿರೋಧಕತೆ: ಏರಿಳಿತ ಪರೀಕ್ಷೆಯನ್ನು ನಾನು ಮಾಡಿ ನೋಡಿದ ಬಗೆ

ಬ್ಯಾಕ್ಟೀರಿಯಾ ಕೊಲ್ಲುವ ರಿಫಾಂಪಿಸಿನ್ ಎಂಬ ಔಷಧಿ ಬೆರೆಸಿದ ಅಗರ್ ಪ್ಲೇಟಿನ ಮೇಲೆ ಕೋಟಿಗಟ್ಟಲೆ ಇ. ಕೊಲೈ ಬ್ಯಾಕ್ಟೀರಿಯಾಗಳನ್ನು ಹರಡಿ ಇಟ್ಟರೆ ಮರುದಿನ ನಾಲ್ಕಾರು ಕಾಲೊನಿಗಳು ಮೇಲೆದ್ದಿರುತ್ತವೆ. ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯ. ಔಷಧಿಯ ಸಂಪರ್ಕಕ್ಕೆ ಬಂದ ಮೇಲೆ ಕೆಲವು ಕೋಶಗಳು ಅದಕ್ಕೆ ಹೊಂದಿಕೊಂಡು ಬದಲಾದವು ಎನ್ನುವುದು ಒಂದು. ಔಷಧಿಯ ಸುಳಿವೇ ಇಲ್ಲದಿದ್ದಾಗ, ಪೋಷಕ ದ್ರವವಾದ ಸಾರದಲ್ಲಿ ಬೆಳೆಯುತ್ತಿದ್ದ ಕಾಲದಲ್ಲೇ, ಕೆಲವು ಕೋಶಗಳಲ್ಲಿ ಉತ್ಪರಿವರ್ತನೆ ಆಕಸ್ಮಿಕವಾಗಿ ಆಗಿಹೋಗಿತ್ತು, ಪ್ಲೇಟು ಅವುಗಳನ್ನು ಆರಿಸಿ ತೋರಿಸಿತು ಅಷ್ಟೇ ಎನ್ನುವುದು ಇನ್ನೊಂದು. ಪ್ಲೇಟನ್ನು ಎಷ್ಟು ದಿಟ್ಟಿಸಿ ನೋಡಿದರೂ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ, ಏಕೆಂದರೆ ಎರಡೂ ದಾರಿಗಳ ಕೊನೆಯಲ್ಲಿ ಕಾಣುವುದು ಒಂದೇ ಬಗೆಯ ಕಾಲೊನಿ.

1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಈ ತೊಡಕನ್ನು ಬಿಡಿಸಿದ್ದು ಎಣಿಕೆಗಳ ಚದುರಿಕೆಯಿಂದ. ಅವರು ಬಳಸಿದ್ದು ಔಷಧಿಯಲ್ಲ, ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸಾದ ಫೇಜ್; ತರ್ಕ ಮಾತ್ರ ಇದೇ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಲೂರಿಯಾಗೆ ಇದು ಹೊಳೆದದ್ದು ಅಧ್ಯಾಪಕರ ನೃತ್ಯಕೂಟವೊಂದರಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ನಾಣ್ಯ ಹಾಕುವುದನ್ನು ನೋಡುತ್ತಿದ್ದಾಗ. ಹೆಚ್ಚು ಸಲ ಏನೂ ಬಾರದೆ ಯಾವಾಗಲೋ ಒಮ್ಮೆ ರಾಶಿ ಹಣ ಸುರಿಯುವ ಆ ಯಂತ್ರದ ಜಾಕ್‌ಪಾಟ್ ಎಂಬ ಮಾತು ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ಉಳಿದಿದೆ.

ತರ್ಕ ಹೀಗಿದೆ. ಒಂದೇ ತಳಿಯ ಕೆಲವೇ ಕೋಶಗಳಿಂದ ಆರಂಭಿಸಿ ಇಪ್ಪತ್ತು ಟ್ಯೂಬುಗಳಲ್ಲಿ ಬೇರೆ ಬೇರೆಯಾಗಿ ಬ್ಯಾಕ್ಟೀರಿಯಾ ಬೆಳೆಸಿ, ಪ್ರತಿಯೊಂದು ಟ್ಯೂಬನ್ನೂ ಪೂರ್ತಿಯಾಗಿ ಒಂದೊಂದು ಔಷಧಿ ಪ್ಲೇಟಿಗೆ ಸುರಿಯುತ್ತೇವೆ ಎಂದಿಟ್ಟುಕೊಳ್ಳಿ. ಪ್ಲೇಟಿನ ಮೇಲೆ ಔಷಧಿಯೇ ಬದಲಾವಣೆ ತರುವುದಾದರೆ, ಎಲ್ಲ ಪ್ಲೇಟುಗಳಲ್ಲೂ ಕೋಶಗಳ ಸಂಖ್ಯೆ ಒಂದೇ, ಔಷಧಿಯೂ ಒಂದೇ, ಪ್ರತಿ ಕೋಶಕ್ಕೆ ಬದಲಾಗುವ ಅವಕಾಶವೂ ಒಂದೇ. ಆದ್ದರಿಂದ ಕಾಲೊನಿಗಳ ಎಣಿಕೆ ಸರಾಸರಿಯ ಆಸುಪಾಸಿನಲ್ಲೇ ಇರಬೇಕು. ಅಪರೂಪದ ಆಕಸ್ಮಿಕ ಘಟನೆಗಳ ಎಣಿಕೆ ಅನುಸರಿಸುವ ಪಾಯ್ಸನ್ ಹಂಚಿಕೆಯ ಪ್ರಕಾರ ಆಗ ಚದುರಿಕೆಯ ಅಳತೆಯಾದ ವೇರಿಯನ್ಸ್ ಸರಾಸರಿಗೆ ಹತ್ತಿರ ಹತ್ತಿರ ಸಮನಾಗಿರುತ್ತದೆ. ಬದಲಾವಣೆ ಮೊದಲೇ ಆಗುವುದಾದರೆ ಚಿತ್ರ ಬೇರೆ. ಟ್ಯೂಬಿನಲ್ಲಿ ಬೆಳವಣಿಗೆಯ ಕೊನೆಯ ವಿಭಜನೆಯಲ್ಲಿ ಆದ ಉತ್ಪರಿವರ್ತನೆ ಒಂದೇ ಒಂದು ನಿರೋಧಕ ಕೋಶವನ್ನು ಕೊಡುತ್ತದೆ. ಏಳು ತಲೆಮಾರು ಮೊದಲು ಆದದ್ದು ದ್ವಿಗುಣಗೊಳ್ಳುತ್ತ ಸುಮಾರು ನೂರಿಪ್ಪತ್ತೆಂಟು ಮಂದಿಯ ಕುಟುಂಬವನ್ನು ಕೊಡುತ್ತದೆ. ಬೇಗ ಆಗುವ ಸಾಧ್ಯತೆ ಕಡಿಮೆ, ಆದರೆ ಆಯಿತೆಂದರೆ ಫಲ ದೊಡ್ಡದು. ಹೀಗಾಗಿ ಹೆಚ್ಚಿನ ಟ್ಯೂಬುಗಳಲ್ಲಿ ಸೊನ್ನೆಯೋ ಸಣ್ಣ ಸಂಖ್ಯೆಯೋ ಬಂದು, ಒಂದೆರಡರಲ್ಲಿ ವಿಪರೀತ ಹೆಚ್ಚಿನ ಸಂಖ್ಯೆ ಬರಬೇಕು; ಈ ಏರಿಳಿತವನ್ನು ಅಳೆಯುವುದೇ ಏರಿಳಿತ ಪರೀಕ್ಷೆ.

ನಾನು ಇದಕ್ಕೆ ರಿಫಾಂಪಿಸಿನ್ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕ್ಷಯರೋಗಿಗಳ ಮೂತ್ರವನ್ನು ಕೆಂಪಾಗಿಸುವ ಈ ಔಷಧಿ ಆರ್‌ಎನ್‌ಎ ಪಾಲಿಮರೇಸ್ ಕಿಣ್ವದ ಬೀಟಾ ಘಟಕಕ್ಕೆ ಅಂಟಿಕೊಂಡು ಕೋಶದ ಆರ್‌ಎನ್‌ಎ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಹಾಗಾಗಿ ಪ್ಲೇಟಿಗೆ ಬಿದ್ದ ಸಂವೇದಿ ಕೋಶ ಅಲ್ಲಿ ಮತ್ತೆ ಹಲವು ಬಾರಿ ವಿಭಜನೆಗೊಂಡು ಲೆಕ್ಕ ಕೆಡಿಸುವ ಭಯ ಕಡಿಮೆ. ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿ ಡಿಎನ್‌ಎಗೆ ಪೆಟ್ಟು ಕೊಟ್ಟು, ಕೋಶದ ತುರ್ತು ದುರಸ್ತಿ ವ್ಯವಸ್ಥೆಯನ್ನು ಎಬ್ಬಿಸಿ, ಉತ್ಪರಿವರ್ತನೆಯ ದರವನ್ನೇ ಏರಿಸಬಲ್ಲದು; ಮೊದಲ ಪಾಠಕ್ಕೆ ಅದು ತಕ್ಕದ್ದಲ್ಲ.

ರೋಗಕಾರಕವಲ್ಲದ ಕೆ-12 ತಳಿಯನ್ನು ರಾತ್ರಿಯಿಡೀ ಎಲ್‌ಬಿ ಸಾರದಲ್ಲಿ ಬೆಳೆಸಿ, ಅದನ್ನು ಹತ್ತು ಲಕ್ಷ ಪಟ್ಟು ತೆಳುಗೊಳಿಸಿ, 23 ಸಣ್ಣ ಟ್ಯೂಬುಗಳಿಗೆ 0.2 ಮಿ.ಲೀ.ನಂತೆ ಹಂಚಿದೆ. ಇದರಿಂದ ಪ್ರತಿ ಟ್ಯೂಬಿಗೆ ಸುಮಾರು 400 ಕೋಶಗಳು ಬಿದ್ದವು. ಪ್ರಯೋಗದ ಜೀವಾಳ ಈ ತೆಳುಗೊಳಿಸುವಿಕೆಯಲ್ಲಿದೆ. ಹಳೆಯ ಕಲ್ಚರಿನಲ್ಲಿ ನಿರೋಧಕ ಕೋಶಗಳು ಆಗಲೇ ಇರುತ್ತವೆ. ಧಾರಾಳವಾಗಿ ಸುರಿದರೆ ಎಲ್ಲ ಟ್ಯೂಬುಗಳೂ ಅದೇ ಹಳೆಯ ಕುಟುಂಬಗಳನ್ನು ಸಮನಾಗಿ ಹಂಚಿಕೊಂಡು, ಏರಿಳಿತ ಮುಚ್ಚಿಹೋಗುತ್ತದೆ. ಕೋಟಿಗಳಲ್ಲಿ ಒಂದರಷ್ಟು ಅಪರೂಪದ ನಿರೋಧಕ ಕೋಶ ಕೇವಲ ಎಂಟೊಂಬತ್ತು ಸಾವಿರದ ನಡುವೆ ಸೇರಿಕೊಳ್ಳುವ ಸಾಧ್ಯತೆ ನಗಣ್ಯ. 0.2 ಮಿ.ಲೀ. ಎಂಬ ಸಣ್ಣ ಪ್ರಮಾಣವೂ ಲೆಕ್ಕ ಹಾಕಿಯೇ ಇಟ್ಟದ್ದು: ಟ್ಯೂಬು ದೊಡ್ಡದಾದರೆ ಎಲ್ಲದರಲ್ಲೂ ಹತ್ತಾರು ಉತ್ಪರಿವರ್ತನೆಗಳಾಗಿ ಸೊನ್ನೆಗಳೇ ಸಿಗುವುದಿಲ್ಲ, ಮತ್ತು ಈ ಪ್ರಯೋಗದಲ್ಲಿ ಸೊನ್ನೆ ಬಹಳ ಬೆಲೆಯುಳ್ಳ ಅಂಕೆ.

ಇದರ ಜೊತೆಗೆ ಅದೇ ತೆಳುಗೊಳಿಸಿದ ದ್ರವದ 5 ಮಿ.ಲೀ.ಯನ್ನು ಒಂದೇ ಫ್ಲಾಸ್ಕಿನಲ್ಲಿ ಬೆಳೆಯಲು ಬಿಟ್ಟೆ. ಎಲ್ಲವನ್ನೂ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತ ಬೆಳವಣಿಗೆ ನಿಲ್ಲುವವರೆಗೆ ಇರಿಸಿ, ಬಳಿಕ 20 ಟ್ಯೂಬುಗಳ ಪೂರ್ತಿ ದ್ರವವನ್ನು ಪ್ರತಿ ಮಿ.ಲೀ.ಗೆ 100 ಮೈಕ್ರೊಗ್ರಾಂ ರಿಫಾಂಪಿಸಿನ್ ಇರುವ ಪ್ಲೇಟುಗಳಿಗೆ ಹರಡಿದೆ. ಔಷಧಿ ಬೆಳಕಿಗೆ ಕೆಡುವಂಥದ್ದಾದ್ದರಿಂದ ಪ್ಲೇಟುಗಳನ್ನು ಹಾಳೆಯಲ್ಲಿ ಸುತ್ತಿಟ್ಟಿದ್ದೆ, ಮತ್ತು ಇಷ್ಟು ದ್ರವವನ್ನು ಹೀರಿಕೊಳ್ಳಲಿ ಎಂದು ಮೊದಲೇ ಚೆನ್ನಾಗಿ ಒಣಗಿಸಿದ್ದೆ. ಹಸಿ ಪ್ಲೇಟಿನಲ್ಲಿ ಕಾಲೊನಿಗಳು ಒಂದಕ್ಕೊಂದು ಹರಿದು ಕೂಡಿಕೊಂಡರೆ ಎಣಿಸುವುದೇ ಕಷ್ಟ. ಉಳಿದ ಮೂರು ಟ್ಯೂಬುಗಳನ್ನು ತೆಳುಗೊಳಿಸಿ ಔಷಧಿಯಿಲ್ಲದ ಅಗರ್ ಮೇಲೆ ಹರಡಿದಾಗ, ಒಟ್ಟು ಸಂಖ್ಯೆ ಟ್ಯೂಬಿಗೆ ಸರಿಸುಮಾರು 42 ಕೋಟಿ ಎಂದು ತಿಳಿಯಿತು. ಮೂರೂ ಟ್ಯೂಬುಗಳ ಸಂಖ್ಯೆ ಒಂದಕ್ಕೊಂದು ಹತ್ತಿರವಿದ್ದುದು ಮುಖ್ಯ, ಏಕೆಂದರೆ ಬೆಳವಣಿಗೆಯಲ್ಲೇ ಹೆಚ್ಚು ಕಡಿಮೆಯಾಗಿದ್ದರೆ ನಿರೋಧಕಗಳ ಏರಿಳಿತಕ್ಕೆ ಅದೇ ಕಾರಣ ಎಂದು ಯಾರಾದರೂ ಹೇಳಬಹುದು.

ಟ್ಯೂಬುಗಳಿಂದ ಬಂದ ಎಣಿಕೆಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ ಹೀಗಿದ್ದವು:

0, 0, 0, 0, 1, 1, 1, 2, 2, 2, 3, 3, 4, 5, 6, 8, 11, 17, 34, 126

ಸರಾಸರಿ 11.3, ವೇರಿಯನ್ಸ್ ಸುಮಾರು 793. ಅಂದರೆ ವೇರಿಯನ್ಸ್ ಸರಾಸರಿಯ ಎಪ್ಪತ್ತು ಪಟ್ಟು. ಒಂದೇ ಫ್ಲಾಸ್ಕಿನಿಂದ 0.2 ಮಿ.ಲೀ.ನಂತೆ ತೆಗೆದು ಹರಡಿದ ಹತ್ತು ಪ್ಲೇಟುಗಳು ಕೊಟ್ಟದ್ದು 9, 12, 17, 10, 14, 6, 11, 15, 12, 8. ಇಲ್ಲಿ ಸರಾಸರಿ 11.4, ವೇರಿಯನ್ಸ್ 11.2. ಔಷಧಿ, ಅಗರ್, ಹರಡಿದ ಕೈ ಎಲ್ಲವೂ ಒಂದೇ. ಬದಲಾದದ್ದು ಕೋಶಗಳು ಒಟ್ಟಿಗೆ ಬೆಳೆದವೋ ಬೇರೆಯಾಗಿ ಬೆಳೆದವೋ ಎಂಬುದೊಂದೇ. ಪ್ಲೇಟಿಗೆ ಬರುವ ಮೊದಲಿನ ಚರಿತ್ರೆ ಎಣಿಕೆಯನ್ನು ನಿರ್ಧರಿಸುತ್ತಿದೆ ಎಂದಾದರೆ, ಆ ಚರಿತ್ರೆಯಲ್ಲಿ ಔಷಧಿಗೆ ಜಾಗವೇ ಇರಲಿಲ್ಲ. ಫ್ಲಾಸ್ಕಿನ ಈ ಸಾಲನ್ನು ಬಿಟ್ಟು ಮಾಡಿದ ಏರಿಳಿತ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಪ್ಲೇಟು ಹರಡುವುದರಲ್ಲಿನ ಅಡ್ಡಾದಿಡ್ಡಿತನ ಎಷ್ಟು ಎಂಬುದನ್ನು ಹೇಳುವುದು ಅದೊಂದೇ.

ನೋಡುವವರ ಕಣ್ಣು ಸಹಜವಾಗಿ 126ರ ಮೇಲೆ ಬೀಳುತ್ತದೆ, ಮತ್ತು ಆ ಒಂದು ಟ್ಯೂಬು ಕಲುಷಿತವಾಗಿರಬಹುದಲ್ಲವೇ ಎಂಬ ಅನುಮಾನ ನ್ಯಾಯವಾದದ್ದೇ. ಅದನ್ನು ಕಿತ್ತುಹಾಕಿ ಉಳಿದ ಹತ್ತೊಂಬತ್ತನ್ನೇ ತೆಗೆದುಕೊಂಡರೂ ಸರಾಸರಿ 5.3, ವೇರಿಯನ್ಸ್ 67; ತೀರ್ಮಾನ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಬಲವಾದ ಸಾಕ್ಷಿ ಆ ನಾಲ್ಕು ಸೊನ್ನೆಗಳು. ಔಷಧಿಯೇ ಬದಲಾವಣೆ ತರುವುದಾಗಿದ್ದು ಸರಾಸರಿ 11.3 ಆಗಿದ್ದರೆ, ಒಂದು ಪ್ಲೇಟಿನಲ್ಲಿ ಏನೂ ಬಾರದಿರುವ ಸಾಧ್ಯತೆ ಎಂಬತ್ತು ಸಾವಿರಕ್ಕೆ ಒಂದು; ಇಪ್ಪತ್ತರಲ್ಲಿ ನಾಲ್ಕು ಬರುವುದಂತೂ ಊಹೆಗೂ ನಿಲುಕದು.

ಜಾಕ್‌ಪಾಟ್ ಪ್ಲೇಟಿನ ಮೇಲಿನ ಅನುಮಾನವನ್ನು ಅಷ್ಟಕ್ಕೇ ಬಿಡಲಿಲ್ಲ. ಅದರಿಂದ ಎಂಟು ಕಾಲೊನಿಗಳನ್ನು ಆರಿಸಿ, ಪಾಲಿಮರೇಸಿನ ಬೀಟಾ ಘಟಕವನ್ನು ಬರೆಯುವ ಆರ್‌ಪಿಒ-ಬಿ ಜೀನಿನ ನಡುಭಾಗವನ್ನು ಸೀಕ್ವೆನ್ಸ್ ಮಾಡಿಸಿದೆ. ಎಂಟರಲ್ಲೂ ಒಂದೇ ಬದಲಾವಣೆ: 516ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಜಾಗಕ್ಕೆ ಗ್ಲೈಸಿನ್. ಬೇರೆ ಟ್ಯೂಬುಗಳಿಂದ ಆರಿಸಿದ ಕಾಲೊನಿಗಳಲ್ಲಿ ಬದಲಾವಣೆಗಳೂ ಬೇರೆ. ಒಂದರಲ್ಲಿ 526ನೆಯ ಹಿಸ್ಟಿಡಿನ್ ಟೈರೊಸಿನ್ ಆಗಿತ್ತು, ಇನ್ನೊಂದರಲ್ಲಿ 531ನೆಯ ಸೆರಿನ್ ಫಿನೈಲ್‌ಅಲನಿನ್ ಆಗಿತ್ತು. ಪ್ಲೇಟಿನ ಮೇಲೆ ಪ್ರತಿಯೊಂದು ಕೋಶವೂ ತನ್ನಷ್ಟಕ್ಕೆ ಬದಲಾಗಿದ್ದರೆ ಒಂದೇ ಪ್ಲೇಟಿನ ಎಂಟೂ ಒಂದೇ ಅಕ್ಷರವನ್ನು ಆರಿಸಿಕೊಳ್ಳಲು ಕಾರಣವಿಲ್ಲ. ಅವೆಲ್ಲ ಒಬ್ಬಳೇ ತಾಯಿಯ ಸಂತಾನ, ಮತ್ತು ಆ ತಾಯಿ ಸಾರದಲ್ಲೇ ಹುಟ್ಟಿದ್ದಳು.

ಉತ್ಪರಿವರ್ತನೆಯ ದರವನ್ನು ಇದೇ ಅಂಕೆಗಳಿಂದ ಪಡೆಯಬಹುದು, ಆದರೆ ಸರಾಸರಿಯಿಂದ ಅಲ್ಲ. ಒಂದು ಜಾಕ್‌ಪಾಟ್ ಇದ್ದರೂ ಇಲ್ಲದಿದ್ದರೂ ಸರಾಸರಿ ಎರಡು ಪಟ್ಟು ಬದಲಾಗುವುದನ್ನು ಮೇಲೆಯೇ ಕಂಡೆವು. ಸೊನ್ನೆ ಬಂದ ಪ್ಲೇಟುಗಳ ಪಾಲಾದ p0 ಯಿಂದ ಲೆಕ್ಕ ಹಾಕಿದರೆ, ಒಂದು ಟ್ಯೂಬಿನಲ್ಲಿ ನಡೆದ ಉತ್ಪರಿವರ್ತನೆಗಳ ಸರಾಸರಿ ಸಂಖ್ಯೆ m ಹೀಗೆ ಸಿಗುತ್ತದೆ:

```
m = -ln(p0) = -ln(4/20) = 1.61
```

ಲೀ ಮತ್ತು ಕೌಲ್ಸನ್ 1949ರಲ್ಲಿ ಕೊಟ್ಟ ಸೂತ್ರ ನಡುವಿನ ಎಣಿಕೆಯನ್ನು, ಅಂದರೆ ಇಲ್ಲಿ 2.5 ಅನ್ನು ಬಳಸುತ್ತದೆ:

```
r/m - ln(m) = 1.24,  r = 2.5  →  m ≈ 1.51
```

ಎರಡು ಬೇರೆ ದಾರಿಗಳು ಇಷ್ಟು ಹತ್ತಿರ ಬಂದುದರಿಂದ ಹಂಚಿಕೆಯ ಆಕಾರ ಸರಿಯಾಗಿದೆ ಎಂಬ ಭರವಸೆ ಬಂತು. 1.6ನ್ನು 42 ಕೋಟಿಯಿಂದ ಭಾಗಿಸಿದರೆ ಕೋಶಕ್ಕೆ ಸುಮಾರು 4 × 10⁻⁹, ಅಂದರೆ 26 ಕೋಟಿ ಕೋಶಗಳಿಗೆ ಒಂದು ಉತ್ಪರಿವರ್ತನೆ. ಈ ಲೆಕ್ಕ ಟ್ಯೂಬಿನ ದ್ರವವನ್ನು ಪೂರ್ತಿ ಹರಡಿದಾಗ ಮಾತ್ರ ನೇರವಾಗಿ ಹೊಂದುತ್ತದೆ. ಅರ್ಧ ಮಾತ್ರ ಹರಡಿದರೆ ಸಣ್ಣ ಕುಟುಂಬಗಳು ತಪ್ಪಿಹೋಗಿ ಸುಳ್ಳು ಸೊನ್ನೆಗಳು ಹೆಚ್ಚುತ್ತವೆ.

ಪರೀಕ್ಷೆಯ ಮಿತಿಯೂ ಎಣಿಕೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ಮೊದಲ 24 ಗಂಟೆಗಳಲ್ಲಿ ಕಂಡ ಕಾಲೊನಿಗಳಿಗೆ ಪ್ಲೇಟಿನ ಹಿಂಬದಿಯಲ್ಲಿ ಪೆನ್ನಿನಿಂದ ಕಪ್ಪು ಚುಕ್ಕೆ ಇಟ್ಟು, ಮೇಲಿನ ಲೆಕ್ಕಕ್ಕೆ ಅವನ್ನಷ್ಟೇ ತೆಗೆದುಕೊಂಡೆ. ಎರಡನೆಯ ದಿನ ಹೊಸದಾಗಿ ಕಂಡವಕ್ಕೆ ಕೆಂಪು ಚುಕ್ಕೆ ಇಟ್ಟು ಬೇರೆಯಾಗಿ ಎಣಿಸಿದೆ. ಕೆಂಪು ಚುಕ್ಕೆಯವು ನಿಧಾನವಾಗಿ ಬೆಳೆಯುವ ಹಳೆಯ ನಿರೋಧಕಗಳೂ ಆಗಿರಬಹುದು, ಪ್ಲೇಟಿಗೆ ಬಿದ್ದ ಮೇಲೆ ಹುಟ್ಟಿದವೂ ಆಗಿರಬಹುದು. 1988ರಲ್ಲಿ ಜಾನ್ ಕೇರ್ನ್ಸ್ ಮತ್ತು ಸಂಗಡಿಗರು ಎತ್ತಿ ತೋರಿಸಿದ್ದು ಇದನ್ನೇ: ಕೋಶಗಳನ್ನು ತಕ್ಷಣ ಕೊಲ್ಲುವ ಫೇಜ್‌ನಂಥ ಆಯ್ಕೆಯಲ್ಲಿ, ಆಮೇಲೆ ಬದಲಾಗಲು ಉಳಿದಿರುವವರೇ ಇಲ್ಲ. ಆದ್ದರಿಂದ ಸೊನ್ನೆಗಳೂ ಜಾಕ್‌ಪಾಟ್‌ಗಳೂ ಸಾಬೀತು ಮಾಡುವುದು ಔಷಧಿಗೆ ಮೊದಲು ಆಕಸ್ಮಿಕವಾಗಿ ಉತ್ಪರಿವರ್ತನೆಗಳು ಆಗುತ್ತವೆ, ಮೊದಲ ದಿನದ ಕಾಲೊನಿಗಳ ಬಹುಪಾಲು ಅವುಗಳದ್ದೇ ಸಂತಾನ ಎಂಬುದನ್ನು. ಆಮೇಲೆ ಒಂದೂ ಆಗುವುದೇ ಇಲ್ಲ ಎಂಬುದನ್ನಲ್ಲ. ಎರಡೂ ಬಗೆಯವು ಬೆರೆತಿದ್ದರೆ ಹಂಚಿಕೆಯ ಎಡತುದಿಯಲ್ಲಿ ಸೊನ್ನೆಗಳು ನಿರೀಕ್ಷೆಗಿಂತ ಕಡಿಮೆಯಾಗುತ್ತವೆ, ಸೊನ್ನೆಯಿಂದ ಬಂದ m ಮತ್ತು ನಡು ಎಣಿಕೆಯಿಂದ ಬಂದ m ದೂರ ಸರಿಯತೊಡಗುತ್ತವೆ. ಕೆಂಪು ಚುಕ್ಕೆಗಳನ್ನು ಸೇರಿಸಿ ಇನ್ನೊಮ್ಮೆ ಎಣಿಸಿದಾಗ ನನ್ನ ಪ್ಲೇಟುಗಳಲ್ಲೂ ಆ ಅಂತರ ಹಿಗ್ಗಿತು.