ಬಾವಿಯೋ, ಗೋಡೆಯೋ: ಒಂದು ಹಳೆಯ ಇಂಗ್ಲಿಷ್ ಕೈಬರಹ ಓದಿದ ನನ್ನ ಅನುಭವ

ಹೋದ ಮಳೆಗಾಲದಲ್ಲಿ ಧಾರವಾಡದ ನನ್ನ ಮನೆಗೆ ಒಬ್ಬ ಹಿರಿಯ ಹೆಣ್ಣುಮಗಳು ಹಳೆಯದೊಂದು ಪತ್ರ ತಂದರು. 1951ರಲ್ಲಿ ಅವರ ಅಜ್ಜ ತಮ್ಮ ವಕೀಲರಿಗೆ ಇಂಗ್ಲಿಷಿನಲ್ಲಿ ಬರೆದದ್ದು. ಅಣ್ಣತಮ್ಮಂದಿರ ನಡುವೆ ಮನೆ ಪಾಲಾಗುವಾಗ ಯಾವುದು ಯಾರಿಗೆ, ಯಾವುದು ಇಬ್ಬರಿಗೂ ಎಂಬ ವಿವರ ಅದರಲ್ಲಿತ್ತು. ಎರಡು ಪುಟ, ನೀಲಿ ಮಸಿ, ಬಲಕ್ಕೆ ಬಾಗಿ ಹರಿಯುವ ಕರ್ಸಿವ್ ಬರಹ. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರಿಂದ ಮಡಿಕೆಯ ಗೆರೆಗಳಲ್ಲಿ ಮಸಿ ಉದುರಿತ್ತು. ಮನೆಯವರೆಲ್ಲ ಓದುವಂತೆ ಕನ್ನಡಕ್ಕೆ ಮಾಡಿಕೊಡಿ ಎಂದರು.

ಕೈಬರಹ ನೋಡುತ್ತಾ ನೇರವಾಗಿ ಕನ್ನಡ ಬರೆಯುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಹಾಗೆ ಮಾಡಿದರೆ ಅಸ್ಪಷ್ಟವಾದ ಪದ ಬಂದಾಗ ಅರ್ಥಕ್ಕೆ ಹೊಂದುವ ಪದವೊಂದನ್ನು ಮನಸ್ಸು ತಾನೇ ತುಂಬಿಕೊಂಡು ಮುಂದೆ ಹೋಗಿಬಿಡುತ್ತದೆ. ಅಲ್ಲೊಂದು ಆಯ್ಕೆ ನಡೆಯಿತು ಎಂಬುದೇ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಇಂಗ್ಲಿಷಿನಲ್ಲೇ ನಕಲು ತೆಗೆಯುತ್ತೇನೆ. ಮೂಲದ ಸಾಲು ಎಲ್ಲಿ ಮುಗಿಯುತ್ತದೋ ನನ್ನ ಸಾಲೂ ಅಲ್ಲೇ ಮುಗಿಯಬೇಕು. ಅವರ ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಇರಬೇಕು. ಓದಲಾಗದ ಕಡೆ ಖಾಲಿ ಬಿಟ್ಟು, ಎಷ್ಟು ಅಕ್ಷರ ಇರಬಹುದೋ ಅಷ್ಟು ಚುಕ್ಕೆ ಇಡುತ್ತೇನೆ.

ಆಮೇಲೆ ಅನುಮಾನವೇ ಇಲ್ಲದ ಪದಗಳನ್ನು ಹುಡುಕುತ್ತೇನೆ. ಪತ್ರವೆಂದ ಮೇಲೆ ತಾರೀಖು, ಊರಿನ ಹೆಸರು, ಮೇಲೆ ‘ಡಿಯರ್ ಸರ್’, ಕೆಳಗೆ ‘ಯುವರ್ಸ್ ಫೇತ್‌ಫುಲಿ’ ಇದ್ದೇ ಇರುತ್ತವೆ. ಇಷ್ಟರಲ್ಲೇ ಇಂಗ್ಲಿಷಿನ ಅರ್ಧಕ್ಕೂ ಹೆಚ್ಚು ಅಕ್ಷರಗಳು ಆ ಕೈಯಲ್ಲಿ ಹೇಗೆ ಮೂಡುತ್ತವೆ ಎಂದು ಸಿಗುತ್ತದೆ. ಅವನ್ನು ಟ್ರೇಸಿಂಗ್ ಕಾಗದದಲ್ಲಿ ತಿದ್ದಿ ತೆಗೆದು ಒಂದು ಹಾಳೆಗೆ ಅಂಟಿಸುತ್ತೇನೆ. ಪದದ ಮೊದಲು, ನಡುವೆ, ಕೊನೆಯಲ್ಲಿ ಒಂದೇ ಅಕ್ಷರ ಬೇರೆ ಬೇರೆ ರೂಪ ತಾಳುತ್ತದಾದ್ದರಿಂದ ಮೂರನ್ನೂ ಇಟ್ಟುಕೊಳ್ಳುತ್ತೇನೆ. ಈ ಅಜ್ಜನ ಕೈಯಲ್ಲಿ ‘ಎನ್’ ಮತ್ತು ‘ಯು’ ಎರಡೂ ಒಂದೇ ಗರಗಸದ ಹಲ್ಲು. ‘ಐ’ ಅಕ್ಷರದ ಚುಕ್ಕೆ ಎರಡು ಅಕ್ಷರ ಆಚೆ ಬೀಳುತ್ತಿತ್ತು. ಪದದ ಕೊನೆಗೆ ಬರುವ ‘ಟಿ’ ಅಕ್ಷರಕ್ಕೆ ಅಡ್ಡಗೆರೆಯೇ ಇಲ್ಲ, ಬರೀ ಮೇಲಕ್ಕೆ ಎಳೆದ ಒಂದು ಬಾಲ.

ಆ ಬಾಲವೇ ಮೊದಲು ಕಾಡಿತು. ಹಿತ್ತಿಲಿನ ದಾರಿಯನ್ನು ತಮ್ಮನಿಗೆ ಬಿಟ್ಟುಕೊಡುವ ಮಾತಿನಲ್ಲಿ ‘ಐ ಆಮ್’ ಮತ್ತು ‘ವಿಲಿಂಗ್’ ನಡುವೆ ಮೂರಕ್ಷರದ ಒಂದು ಪದವಿತ್ತು. ‘ನಾಟ್’ ಎಂದರೆ ಅಜ್ಜ ಒಪ್ಪಲಿಲ್ಲ. ‘ನೌ’ ಎಂದರೆ ಈಗ ಒಪ್ಪಿದ್ದಾರೆ. ದಾರಿ ಯಾರದೆಂಬುದೇ ತಿರುಗಿಬಿಡುತ್ತದೆ. ಇಂಥ ಕಡೆ ನಾನು ಪದದ ಒಟ್ಟು ಆಕಾರ ನೋಡುವುದನ್ನು ನಿಲ್ಲಿಸಿ ಕೆಳಗಿನ ತಿರುವುಗಳನ್ನು ಎಣಿಸುತ್ತೇನೆ. ಲೇಖನಿ ಗೆರೆ ಮುಟ್ಟಿ ಮತ್ತೆ ಮೇಲೇಳುವ ಜಾಗಕ್ಕೆ ತಿರುವು ಎನ್ನುತ್ತೇನೆ. ‘ಡಬ್ಲ್ಯು’ಗೆ ಅಂಥವು ಎರಡು, ‘ಟಿ’ಗೆ ಒಂದೇ. ಭೂತಗನ್ನಡಿ ಹಿಡಿದು ತಿದ್ದಿದಾಗ ‘ಓ’ ಆದ ಮೇಲೆ ಒಂದೇ ತಿರುವು ಕಂಡಿತು. ಅದೇ ಪುಟದ ‘ರೆಂಟ್’ ಮತ್ತು ‘ಫ್ರಂಟ್’ ಪದಗಳ ಕೊನೆಗೂ ಇಂಥದೇ ಬಾಲ ಇತ್ತು. ಆದ್ದರಿಂದ ‘ನಾಟ್’. ಅನುವಾದದಲ್ಲಿ ಇದಕ್ಕೆ ಗುರುತು ಹಾಕಲಿಲ್ಲ. ಬಗೆಹರಿದ ಅನುಮಾನಗಳಿಗೂ ಗುರುತು ಹಾಕುತ್ತಾ ಹೋದರೆ ನಿಜವಾಗಿ ಬಗೆಹರಿಯದದ್ದು ಗುಂಪಿನಲ್ಲಿ ಕಳೆದುಹೋಗುತ್ತದೆ.

ಅಂಕಿಗಳಲ್ಲಿ ಒಂದೇ ಕಡೆ ತೊಡಕಿತ್ತು. ಖರ್ಚಿನ ಲೆಕ್ಕದಲ್ಲಿ ಆಣೆಯ ಜಾಗದ ಅಂಕಿ 14 ಎಂದೂ 19 ಎಂದೂ ಕಾಣುತ್ತಿತ್ತು. ಆಗ ರೂಪಾಯಿಗೆ 16 ಆಣೆ. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಆಣೆಯ ಜಾಗದಲ್ಲಿ 15ಕ್ಕಿಂತ ಹೆಚ್ಚು ಬರುವಂತಿಲ್ಲವಾದ್ದರಿಂದ ಅದು 14.

ಇನ್ನು ಬಾವಿಯ ಸಾಲು. ದನದ ಕೊಟ್ಟಿಗೆಯ ಪೂರ್ವಕ್ಕೆ ಇರುವ ‘ವೆಲ್’ ಅಥವಾ ‘ವಾಲ್’ ಇಬ್ಬರಿಗೂ ಸೇರಿದ್ದು, ದುರಸ್ತಿಯ ಖರ್ಚು ಸಮಪಾಲು ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿ ಈ ಎರಡು ಪದಗಳಿಗೆ ಒಂದೇ ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಒಂದು ಬಾವಿ, ಇನ್ನೊಂದು ಗೋಡೆ. ಬಾವಿಗೂ ದುರಸ್ತಿ ಬೇಕು, ಗೋಡೆಗೂ ಬೇಕು. ಪಾಲಾದ ಮನೆಗಳಲ್ಲಿ ಕೂಡುಬಾವಿಯೂ ಇರುತ್ತದೆ, ಕೂಡುಗೋಡೆಯೂ ಇರುತ್ತದೆ. ಹೂಳು ತೆಗೆಯುವ ಮಾತೋ ಸುಣ್ಣ ಬಳಿಯುವ ಮಾತೋ ಅಲ್ಲಿದ್ದಿದ್ದರೆ ವಾಕ್ಯವೇ ತೀರ್ಪು ಕೊಡುತ್ತಿತ್ತು. ಇರಲಿಲ್ಲ.

ಮತ್ತೆ ತಿರುವುಗಳ ಎಣಿಕೆಗೆ ಬಂದೆ. ಬಾವಿಯಾದರೆ ‘ಡಬ್ಲ್ಯು’ದ ಎರಡು ತಿರುವು ಮತ್ತು ‘ಇ’ ಅಕ್ಷರದ ಒಂದು, ಒಟ್ಟು ಮೂರು. ಗೋಡೆಯಾದರೆ ‘ಎ’ ಅಕ್ಷರದ ಹೊಟ್ಟೆಗೊಂದು, ಕಾಲಿಗೊಂದು ಸೇರಿ ನಾಲ್ಕು. ಆದರೆ ಮಡಿಕೆಯ ಗೆರೆ ಸರಿಯಾಗಿ ಆ ಅಕ್ಷರದ ಬುಡದಲ್ಲೇ ಹಾದುಹೋಗಿತ್ತು. ಮೇಲ್ಭಾಗ ನೋಡೋಣವೆಂದರೆ ಅಲ್ಲೊಂದು ತೊಂದರೆ. ‘ಡಬ್ಲ್ಯು’ ಮೇಲ್ಗಡೆ ಮುಗಿಯುತ್ತದೆ, ಹಾಗಾಗಿ ಅದರ ಮುಂದಿನ ಅಕ್ಷರವೂ ಮೇಲಿನಿಂದಲೇ ಶುರುವಾಗಬೇಕು. ನಾಲ್ಕು ಗೆರೆ ಕಾಪಿಯಲ್ಲಿ ಬರೆದವರಿಗೆ ಇದು ನೆನಪಿರುತ್ತದೆ. ಅಲ್ಲಿ ‘ಇ’ ಅಕ್ಷರದ ಕಣ್ಣು ಕುಗ್ಗುತ್ತದೆ, ‘ಎ’ ಅಕ್ಷರದ ಹೊಟ್ಟೆ ತೆರೆದುಕೊಳ್ಳುತ್ತದೆ, ಎರಡೂ ಒಂದನ್ನೊಂದು ಹೋಲತೊಡಗುತ್ತವೆ.

ಅದೃಷ್ಟಕ್ಕೆ ಮೊದಲ ಪುಟದಲ್ಲಿ ‘ಆ್ಯಸ್ ವೆಲ್ ಆ್ಯಸ್’ ಎಂದು ಒಂದು ಕಡೆ ಬರೆದಿದ್ದರು. ಅಲ್ಲಿ ‘ಡಬ್ಲ್ಯು’ದ ಕೊನೆಯಿಂದ ಮೊದಲ ‘ಎಲ್’ವರೆಗಿನ ಅಂತರ ಸುಮಾರು 2 ಮಿಲಿಮೀಟರ್. ಅನುಮಾನದ ಪದದಲ್ಲಿ 3 ಮಿಲಿಮೀಟರ್. ಇದು ಗೋಡೆಯ ಕಡೆ ವಾಲುವ ಸಾಕ್ಷಿ. ಆದರೆ ಆ ಪದ ಸಾಲಿನ ಕೊನೆಯಲ್ಲಿತ್ತು, ಮತ್ತು ಈ ಅಜ್ಜ ಜಾಗ ಉಳಿದ ಕಡೆ ಅಕ್ಷರಗಳನ್ನು ಎಳೆದು ಬರೆಯುತ್ತಿದ್ದರು. ಬೇರೆ ಮೂರು ಸಾಲುಗಳ ಕೊನೆಯಲ್ಲೂ ಹಾಗೇ ಇತ್ತು. ಒಂದು ಮಿಲಿಮೀಟರ್ ನಂಬಿ ಬಾವಿಯನ್ನು ಗೋಡೆ ಮಾಡುವ ಧೈರ್ಯ ನನಗೆ ಬರಲಿಲ್ಲ. ದೀಪವನ್ನು ಪಕ್ಕಕ್ಕೆ ಹಿಡಿದು ಲೇಖನಿ ಒತ್ತಿದ ಗೀರು ಸಿಗುತ್ತದೋ ಎಂದು ನೋಡಿದೆ. ಮಡಿಕೆಯ ಸವೆತ ಅದನ್ನೂ ಅಳಿಸಿತ್ತು.

ಅನುವಾದದಲ್ಲಿ ಹೀಗೆ ಬರೆದೆ: “ಕೊಟ್ಟಿಗೆಯ ಪೂರ್ವಕ್ಕಿರುವ ಗೋಡೆಯು [ಅಥವಾ: ಬಾವಿಯು] ಇಬ್ಬರಿಗೂ ಸೇರಿದ್ದು.” ಪುಟದ ಅಡಿಯಲ್ಲಿ ಟಿಪ್ಪಣಿ: “ಎರಡನೆಯ ಪುಟ, 9ನೆಯ ಸಾಲಿನ ಕೊನೆಯ ಪದ. ಎರಡನೆಯ ಅಕ್ಷರ ಮಡಿಕೆಯಲ್ಲಿ ಸವೆದಿದೆ. ಅಕ್ಷರಗಳ ಅಗಲ ಮೊದಲ ಓದಿಗೆ ಸ್ವಲ್ಪ ಹೆಚ್ಚು ಹೊಂದುತ್ತದೆ, ಆದರೆ ಖಚಿತವಿಲ್ಲ.” ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಪದವನ್ನು ಓದಲಿಕ್ಕೇ ಆಗಲಿಲ್ಲವೋ, ಎರಡು ಓದುಗಳ ನಡುವೆ ಅನುಮಾನವೋ ಎಂಬುದು ಓದುವವರಿಗೆ ಗೊತ್ತಾಗಬೇಕು. ಎರಡಾದರೆ ಆ ಎರಡೂ ಯಾವುವು ಎಂದು ಕಾಣಬೇಕು.

ಅನುವಾದ ನೋಡಿ ಆ ಹೆಣ್ಣುಮಗಳ ಮುಖ ಸಣ್ಣಗಾಯಿತು. “ಅಕ್ಕಾರ, ಅದು ಬಾವೀನ ರೀ. ನಮ್ಮಜ್ಜನ ತೆಗಿಸಿದ ಬಾವಿ, ಈಗೂ ಐತಿ. ಗೋಡಿ ಅನ್ನೂದು ತೆಗದು ಬಿಡ್ರಿ,” ಎಂದರು.

“ಬಾವಿ ಇರಬಹುದುರೀ. ಪೂರ್ವಕ್ಕ ಗೋಡೀನೂ ಐತೇನ್ರಿ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಐತ್ರಿ,” ಎಂದರು.

ಬಾವಿಯನ್ನು ಅಜ್ಜನೇ ತೋಡಿಸಿದ್ದೆಂದು ಮನೆಯವರು ಹೇಳುತ್ತಾರೆ ಎಂಬುದನ್ನು ಬೇರೊಂದು ಹಾಳೆಯಲ್ಲಿ, ಯಾರು ಹೇಳಿದ್ದೆಂದು ನಮೂದಿಸಿ ಬರೆದುಕೊಟ್ಟೆ. ಅದು ಪತ್ರದಲ್ಲಿ ಇಲ್ಲದ ಮಾತು, ಅನುವಾದದೊಳಗೆ ಅದಕ್ಕೆ ಜಾಗವಿಲ್ಲ. ಗುರುತು ತೆಗೆಯಲಿಲ್ಲ. ಬದಲಿಗೆ ಆ ಒಂದು ಸಾಲಿನ ಫೋಟೋ ಹಿಗ್ಗಿಸಿ, ಪಕ್ಕದಲ್ಲಿ ಮೊದಲ ಪುಟದ ‘ವೆಲ್’ ಪದದ ಫೋಟೋವನ್ನೂ ಇಟ್ಟು, ಟಿಪ್ಪಣಿಯ ಕೆಳಗೆ ಅಂಟಿಸಿದೆ. ತಮ್ಮನ ಕಡೆಯವರೂ ಅದನ್ನೇ ನೋಡಲಿ ಎಂದು ಎರಡು ಪ್ರತಿ ಮಾಡಿ ಕೊಟ್ಟೆ.